ಇಸ್ಕೂಲಿನ ‘ಇ’ ಎಲ್ಲಿಂದ ಬಂತು: ಉಡುಪಿಯಲ್ಲಿ ರೆಕಾರ್ಡ್ ಮಾಡಿ ನೋಡಿದ ನನ್ನ ಅನುಭವ

ಸ್ಕೂಲು ಇಸ್ಕೂಲು ಆಗ್ತದೆ, ಸ್ಲೇಟು ಸಿಲೇಟು ಆಗ್ತದೆ. ಎರಡೂ ‘ಸ’ದಿಂದ ಶುರುವಾಗುವ ಒತ್ತಕ್ಷರವೇ, ಎರಡಕ್ಕೂ ಸೇರಿದ ಸ್ವರ ‘ಇ’ಯೇ, ಆದ್ರೆ ಒಂದರಲ್ಲಿ ಅದು ‘ಸ’ಕ್ಕಿಂತ ಮೊದಲೇ ಬಂದು ಕೂತಿದೆ, ಇನ್ನೊಂದರಲ್ಲಿ ‘ಸ’ ಮತ್ತೆ ‘ಲ’ದ ನಡುವೆ ಸೇರಿದೆ. ಇಸ್ಲೇಟು ಅಂತ ಹೇಳಿದವರನ್ನ ನಾನು ಕೇಳಿಲ್ಲ, ಸಿಕೂಲು ಅಂದವರನ್ನೂ ಕೇಳಿಲ್ಲ. ಓದದವರ ತಪ್ಪು ಉಚ್ಚಾರ ಅಂತ ಇದನ್ನ ತಳ್ಳಿಹಾಕುವವರು ಬಹಳ ಜನ ಉಂಟು, ನನಗದು ಒಪ್ಪಿಗೆ ಇಲ್ಲ. ಬರೀ ತಪ್ಪಾಗಿದ್ರೆ ಸ್ವರ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕಡೆ ಬರ್ಬೇಕಿತ್ತು.

ಹಾಗಾಗಿ ಉಡುಪಿ, ಮಲ್ಪೆ, ಕಾಪು ಕಡೆ ಮನೆಯಲ್ಲಿ ತುಳು ಅಥವಾ ಕನ್ನಡ ಮಾತಾಡುವ, ಶಾಲೆ ಬೇಗ ಬಿಟ್ಟ ಹಿರಿಯರನ್ನ ಕೂರಿಸಿ ರೆಕಾರ್ಡ್ ಮಾಡಿದೆ. ಪದ ಬರೆದು ತೋರಿಸ್ಲೇ ಇಲ್ಲ. ಬರೆದು ಕೊಟ್ರೆ ಒತ್ತಕ್ಷರ ಕಣ್ಣಿಗೆ ಬೀಳ್ತದೆ, ಓದ್ಲಿಕ್ಕೆ ಬರುವವರು ಅದನ್ನ ನೋಡಿ ನೀಟಾಗಿ ಉಚ್ಚರಿಸ್ತಾರೆ, ಆಮೇಲೆ ನಮಗೆ ಸಿಗುದು ಅವರ ಮಾತಲ್ಲ, ಓದು. ಚಿತ್ರ ತೋರಿಸುದು, ಇಲ್ಲಾಂದ್ರೆ ‘ಅಮ್ಮ, ಪುಳ್ಳಿ ಬೆಳಿಗ್ಗೆ ಬ್ಯಾಗ್ ಹಾಕ್ಕೊಂಡು ಎಲ್ಲಿಗೆ ಹೋಗುದು?’ ಅಂತ ಕೇಳುದು. ಇಲ್ಲೊಂದು ಸೂಕ್ಷ್ಮ ಉಂಟು, ಕೇಳುವವರು ತಾವೇ ಮೊದಲು ‘ಸ್ಕೂಲ್’ ಅಂದುಬಿಟ್ರೆ ಎದುರಿನವರು ಅದನ್ನೇ ತಿರುಗಿ ಹೇಳ್ತಾರೆ. ವಾಟ್ಸಾಪ್ ವಾಯ್ಸ್ ಮೆಸೇಜ್ ಕೂಡ ಇದಕ್ಕೆ ಬೇಡ, ಅದು ಸೌಂಡನ್ನ ಕುಗ್ಗಿಸುವಾಗ ಸಕಾರದ ಹೆಚ್ಚು ಹರ್ಟ್ಸಿನ ಭಾಗ ಹಾಳಾಗ್ತದೆ. ಕುಗ್ಗಿಸದ ವೇವ್ ಫೈಲೇ ಬೇಕು.

ಎಲ್ಲದಕ್ಕಿಂತ ಮುಖ್ಯ ಅಂದ್ರೆ ಪದ ಯಾವುದರ ಹಿಂದೆ ಬರ್ತದೆ ಅನ್ನುದು. ಒಂದೇ ಪದವನ್ನ ಮೂರು ಕಡೆ ಹೇಳಿಸ್ಬೇಕು: ಮಾತಿನ ಶುರುವಿನಲ್ಲಿ, ಸ್ವರದ ನಂತರ, ವ್ಯಂಜನದ ನಂತರ. ಬರೀ ‘ಇಸ್ಕೂಲಿಗೆ’ ಅಂದ ಅಜ್ಜಿಯೇ ‘ನಮ್ಮ ಸ್ಕೂಲು’ ಅನ್ನುವಾಗ ಇಕಾರ ಬಿಡ್ತಾರೆ, ಯಾಕಂದ್ರೆ ‘ಸ’ ಹೋಗಿ ಹಿಂದಿನ ‘ಮ’ಕ್ಕೆ ಅಂಟಿಕೊಂಡು ನಮ್‌-ಮಸ್‌-ಕೂ-ಲು ಆಯ್ತು, ಇನ್ನು ಯಾವ ಸ್ವರವೂ ಬೇಡ. ಕನ್ನಡಕ್ಕೆ ಪದದ ನಡುವೆ ‘ಸ್ಪ’ ‘ಸ್ಕ’ ಬಂದ್ರೆ ತೊಂದರೆಯೇ ಇಲ್ಲ, ಆಸ್ಪತ್ರೆ ಅಂತ ಎಲ್ಲರೂ ಆರಾಮಾಗಿ ಹೇಳ್ತಾರಲ್ಲ, ತೊಂದರೆ ಇರುದು ಮಾತಿನ ಶುರುವಿನಲ್ಲೇ ಎರಡು ವ್ಯಂಜನ ಒಟ್ಟಿಗೆ ಬಂದ್ರೆ. ಹೈಸ್ಕೂಲು ಅನ್ನುವ ಪದ ಇದಕ್ಕೆ ಸರಿಯಾದ ಸಾಕ್ಷಿ, ಅಲ್ಲಿ ‘ಸ’ಕ್ಕೆ ಒರಗ್ಲಿಕ್ಕೆ ‘ಹೈ’ ಸಿಕ್ಕಿತು, ಹಾಗಾಗಿ ಅದು ಹೈ-ಇಸ್ಕೂಲು ಆಗ್ಲಿಲ್ಲ. ಅದೇ ‘ಗೌರ್ಮೆಂಟ್’ ಆದ್ಮೇಲೆ ಬಂದ್ರೆ ಒರಗ್ಲಿಕ್ಕೆ ಜಾಗ ಇಲ್ಲ, ಗೌರ್ಮೆಂಟಿಸ್ಕೂಲು ಅಂತ ಇಕಾರ ವಾಪಸ್ ಬರ್ತದೆ. ‘ಅವರು ____ ಅಂದ್ರು’ ಅನ್ನುವ ಒಂದೇ ವಾಕ್ಯದಲ್ಲಿ ಎಲ್ಲಾ ಪದ ಹಾಕಿ ಹೇಳಿಸಿದ್ರೆ ಈ ವಿಷಯ ಪೂರ್ತಿ ಮುಚ್ಚಿಹೋಗ್ತದೆ, ‘ರು’ವಿನ ಉಕಾರವೇ ‘ಸ’ಕ್ಕೆ ಆಸರೆ ಕೊಡ್ತದೆ.

ಕಂಪ್ಯೂಟರಿನಲ್ಲಿ ನೋಡುದು ಧ್ವನಿಯನ್ನ ಚಿತ್ರ ಮಾಡಿ ತೋರಿಸುವ ಪ್ರಾಟ್ ಅನ್ನುವ ಫ್ರೀ ಸಾಫ್ಟ್‌ವೇರಿನಲ್ಲಿ. ಚಿತ್ರದಲ್ಲಿ ಮೇಲೆ ಹೋದಷ್ಟು ಹರ್ಟ್ಸ್ ಹೆಚ್ಚು. ಪ್ರಾಟ್ ಮಾಮೂಲಾಗಿ 5000 ಹರ್ಟ್ಸ್‌ವರೆಗೆ ಮಾತ್ರ ತೋರಿಸ್ತದೆ, ಸಕಾರದ ಗದ್ದಲ ಹೆಚ್ಚಿನದ್ದು ಅದರ ಆಸುಪಾಸು ಮತ್ತೆ ಮೇಲೇ ಇರುದು, ಹಾಗಾಗಿ 8000ಕ್ಕೆ ಏರಿಸಿಕೊಳ್ಳಿ. ಆಗ ‘ಇಸ್ಕೂಲು’ ಚಿತ್ರದಲ್ಲಿ ಮೊದಲು ಕೆಳಗಡೆ ಗೆರೆಗೆರೆಯಾಗಿ ಸ್ವರ, ಆಮೇಲೆ ಮೇಲ್ಗಡೆ ಕಪ್ಪು ಮೋಡದ ಹಾಗೆ ‘ಸ’, ಆಮೇಲೆ ‘ಕ’ಕ್ಕೆ ನಾಲಿಗೆ ಗಾಳಿ ತಡೆದ ಬಿಳಿ ಖಾಲಿ ಜಾಗ.

ಸ್ವರ ಎಲ್ಲಿ ಸೇರ್ತದೆ ಅನ್ನುದರ ಕಾರಣ ಈ ಚಿತ್ರದಲ್ಲೇ ಉಂಟು ಅಂತ ನನ್ನ ಅಭಿಪ್ರಾಯ. ‘ಸ್ಕ’ದಲ್ಲಿ ಸಕಾರದ ಗದ್ದಲ ನಿಂತ ಕೂಡ್ಲೇ ಮೌನ, ನಡುವೆ ಸ್ವರದ ಹಾಗೆ ಕೇಳುವಂಥದ್ದು ಏನೂ ಇಲ್ಲ. ಅಲ್ಲಿ ‘ಇ’ ಹಾಕಿದ್ರೆ ಪದ ತೀರ ಬೇರೆಯೇ ಆಗಿ ಕೇಳ್ತದೆ, ಶುರುವಿಗೆ ಹಾಕಿದ್ರೆ ‘ಸ್ಕ’ದ ಜೋಡಿ ಒಡೆಯದೆ ಉಳೀತದೆ. ‘ಸ್ಲ’ದಲ್ಲಿ ಹಾಗಲ್ಲ, ‘ಲ’ ತಾನೇ ಅರ್ಧ ಸ್ವರದ ಹಾಗೆ, ಅದಕ್ಕೂ ಕೆಳಗಡೆ ಗೆರೆಗಳು ಇರ್ತಾವೆ, ‘ಸ’ ಮುಗಿದ ಕೂಡ್ಲೇ ಸ್ವರದಂಥದ್ದೇ ಶುರುವಾಗ್ತದೆ. ಅಲ್ಲಿ ಸಣ್ಣ ‘ಇ’ ಸೇರಿದ್ರೆ ಕಿವಿಗೆ ದೊಡ್ಡ ವ್ಯತ್ಯಾಸ ಆಗುದಿಲ್ಲ. ಹಿಂದಿಯಲ್ಲೂ ಇಸ್ಕೂಲ್, ಆದ್ರೆ ಸಿಲೇಟ್. ಅಂದ್ರೆ ಇದು ನಮ್ಮ ಊರಿನ ಅಭ್ಯಾಸ ಮಾತ್ರ ಅಲ್ಲ.

ಹಳೇ ಕನ್ನಡ ಕೂಡ ಶ್ರೀಯನ್ನ ಸಿರಿ ಮಾಡಿಕೊಂಡಿತ್ತು, ವರ್ಷವನ್ನ ವರುಷ, ಭಕ್ತಿಯನ್ನ ಬಕುತಿ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಬದಲಾವಣೆಗಳಿಗೇ ಅಪಭ್ರಂಶ ಪ್ರಕರಣ ಅಂತ ಬೇರೆ ಭಾಗ ಇಟ್ಟಿದ್ದಾನೆ. ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಮಾತ್ರೆಯ ಲೆಕ್ಕ. ವರ್ಷದಲ್ಲಿ ಒತ್ತಕ್ಷರದ ಹಿಂದಿನ ‘ವ’ ಗುರು, ‘ರ್ಷ’ ಲಘು, ಒಟ್ಟು ಮೂರು ಮಾತ್ರೆ. ವರುಷದಲ್ಲಿ ಮೂರು ಲಘು, ಅಲ್ಲೂ ಮೂರೇ. ಭಕ್ತಿ–ಬಕುತಿಗೂ ಅದೇ ಲೆಕ್ಕ. ಪದದ ನಡುವೆ ಸ್ವರ ಸೇರಿದ್ರೆ ಹಾಡಿನ ತಾಳ ತಪ್ಪುದಿಲ್ಲ. ಶುರುವಿನಲ್ಲಿ ಸೇರಿದ್ರೆ ಹಾಗಲ್ಲ, ಬ್ರೇಕು ಮೂರು ಮಾತ್ರೆ, ಬಿರೇಕು ನಾಲ್ಕು.

ಈ ಬ್ರೇಕಿನ ವಿಷಯದಲ್ಲಿ ಜಾಗ್ರತೆ ಬೇಕು. ‘ಬ’ ಮತ್ತೆ ‘ರ’ದ ನಡುವೆ ಚಿತ್ರದಲ್ಲಿ ಸ್ವರದ ಚೂರು ಕಂಡ ಮಾತ್ರಕ್ಕೆ ಅದು ನಿಜವಾಗಿ ಸೇರಿದ ಸ್ವರ ಅಂತ ಬರ್ಕೊಳ್ಳಬಾರದು. ನಾಲಿಗೆ ‘ರ’ಕ್ಕೆ ಒಮ್ಮೆ ತಟ್ಟುವ ಮೊದಲು ತುಟಿ ತೆರೆದಿರ್ತದೆ, ಆ ಸಂದಿನಲ್ಲಿ ಗಂಟಲಿನ ಧ್ವನಿ ಕೇಳಿಸ್ತದೆ, ಅದು ಬರೀ ಸಂದಿ. ಗುರುತಿಸುದು ಹೀಗೆ: ಅದೇ ವಾಕ್ಯವನ್ನ ಗಡಿಬಿಡಿಯಲ್ಲಿ ಹೇಳಿಸಿ, ಸಂದಿಯಾದ್ರೆ ಬಹುತೇಕ ಮಾಯ ಆಗ್ತದೆ, ಸಿಲೇಟಿನ ‘ಇ’ಯಂಥ ನಿಜ ಸ್ವರ ಕುಗ್ಗಿದ್ರೂ ಉಳೀತದೆ. ಆಮೇಲೆ ಪದವನ್ನ ಬಿಡಿಸಿ ಕೈ ತಟ್ಟಿ ಹೇಳಿ ಅನ್ನಿ, ಸಿ-ಲೇ-ಟು ಅಂತ ಮೂರು ತಟ್ಟುವವರೇ ಬ್ರೇ-ಕು ಅಂತ ಎರಡೇ ತಟ್ಟಿದ್ರೆ ಅವರ ಪಾಲಿಗೆ ಅಲ್ಲಿ ಸ್ವರ ಇಲ್ಲ. ಬಿ-ರೇ-ಕು ಅಂತ ಮೂರು ತಟ್ಟುವ ಹಿರಿಯರೂ ಇದ್ದಾರೆ, ಅವರದ್ದನ್ನ ಬೇರೆಯೇ ಲೆಕ್ಕಕ್ಕೆ ಹಾಕ್ಬೇಕು. ಈ ಕೈತಟ್ಟುವ ಪರೀಕ್ಷೆ ಚೆನ್ನಾಗಿ ಓದಿದವರ ಮೇಲೆ ನಡೆಯುದಿಲ್ಲ, ಅವರು ಮನಸ್ಸಲ್ಲಿ ಅಕ್ಷರ ಬರೆದು ಎಣಿಸ್ತಾರೆ.

ಪದದ ಕೊನೆಯ ಉಕಾರವನ್ನ ನಾನು ಇದಕ್ಕೆ ಸೇರಿಸ್ಲಿಲ್ಲ. ಬಸ್ಸು, ಕಾರು ಅಂತ ಕನ್ನಡದಲ್ಲಿ ಉ ಬರ್ತದೆ, ತುಳುವಿನಲ್ಲಿ ಅಲ್ಲಿ ತುಟಿ ದುಂಡಗೆ ಮಾಡದ ಬೇರೆಯೇ ಸ್ವರ ಉಂಟು, ಅದರದ್ದು ಬೇರೆ ಕಥೆ. ಮನೆಮಾತು ಕೊಂಕಣಿಯೋ ಬ್ಯಾರಿಯೋ ಆದ್ರೆ ಅದನ್ನೂ ಬರೆದಿಡಿ, ಎಲ್ಲರನ್ನೂ ಒಟ್ಟಿಗೆ ಹಾಕಿದ್ರೆ ಯಾವ ಭಾಷೆಯ ನಿಯಮ ಅಂತ ಗೊತ್ತಾಗುದಿಲ್ಲ.

ಇದನ್ನೆಲ್ಲ ಒಂದೇ ಪದದಲ್ಲಿ ನೋಡ್ಬೇಕು ಅಂತಿದ್ರೆ ಗ್ಯಾರೇಜಿಗೆ ಹೋಗಿ ಸ್ಕ್ರೂ ತೋರಿಸಿ ಕೇಳಿ. ‘ಸ’, ‘ಕ’, ‘ರ’ ಮೂರೂ ಒಟ್ಟಿಗೆ ಉಂಟು. ಹಳೇ ಮೆಕ್ಯಾನಿಕ್ ಒಬ್ಬರು ‘ಇಸ್ಕುರೂ’ ಅಂದ್ರು: ‘ಸ್ಕ’ದ ಮುಂಚೆ ಇ, ‘ಕ್ರ’ದ ನಡುವೆ ಉ. ಮುಂದಿನ ‘ಇ’ ಸ್ಕೂಲಿಗೂ ಸ್ಕ್ರೂಗೂ ಬದಲಾಗದೆ ಒಂದೇ, ನಡುವಿನ ‘ಉ’ ಮಾತ್ರ ‘ರ’ದ ಆಚೆ ಇರುವ ‘ಊ’ವನ್ನ ನೋಡಿ ಬಂದದ್ದು, ಸಿರಿಯಲ್ಲಿ ಈಕಾರ ನೋಡಿ ಇಕಾರ ಬಂದ ಹಾಗೆ. ಅವರೇ ಬೇಗ ಬೇಗ ಹೇಳುವಾಗ ಆ ‘ಉ’ ಹೋಗಿ ‘ಇಸ್ಕ್ರೂ’ ಆಯ್ತು, ‘ಇ’ ಹಾಗೇ ಇತ್ತು.