ಹಳೇ ಪಾಲುದಾರ ಹೊರಟಾಗ ಮಾರ್ಚ್ 31ರ ಲೆಕ್ಕ ಮಾಡಿದ್ದು

ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು ಅಂದರೆ ವರ್ಷದ ಲೆಕ್ಕ ಮುಗಿಯಿತು ಎಂದು ನಂಬುವವರು ಬಹಳ. ತಾಳೆಯಾಗುವುದಕ್ಕೂ ಲೆಕ್ಕ ಪೂರ್ತಿಯಾಗುವುದಕ್ಕೂ ಸಂಬಂಧ ಕಡಿಮೆ. ಬರೆಯದೇ ಬಿಟ್ಟ ಖರ್ಚು ಡೆಬಿಟ್ ಕಡೆಯೂ ಇರುವುದಿಲ್ಲ, ಕ್ರೆಡಿಟ್ ಕಡೆಯೂ ಇರುವುದಿಲ್ಲ. ಎರಡೂ ಕಡೆ ಇಲ್ಲದ್ದು ತಾಳೆ ಕೆಡಿಸುವುದಾದರೂ ಹೇಗೆ? ಹಾಗಾಗಿ ಬಾಕಿ ಖರ್ಚು ಬಿಟ್ಟುಹೋಗಿದೆ ಅಂತ ಟ್ರಯಲ್ ಬ್ಯಾಲೆನ್ಸ್ ನಮಗೆ ಯಾವತ್ತೂ ಹೇಳುವುದಿಲ್ಲ. ನಾವೇ ಹುಡುಕಬೇಕು.

ನಾನು ದಾವಣಗೆರೆಯಲ್ಲಿ ಸಣ್ಣ ಅಂಗಡಿ, ಕಾರ್ಖಾನೆಗಳ ಲೆಕ್ಕ ಬರೆಯುತ್ತೇನೆ. ವರ್ಷದ ಕೊನೆಗೆ ಲೆಕ್ಕ ಸರಿಪಡಿಸಲು ಹಾಕುವ ಹೊಂದಾಣಿಕೆ ಎಂಟ್ರಿಗಳ ಬೆಲೆ ಕಣ್ಣಿಗೆ ಕಟ್ಟುವಂತೆ ಕಂಡದ್ದು ಒಂದು ಪ್ರಿಂಟಿಂಗ್ ಪ್ರೆಸ್ಸಿನ ಲೆಕ್ಕದಲ್ಲಿ. ಇಬ್ಬರು ಪಾಲುದಾರರು, ಲಾಭದಲ್ಲಿ ಸಮಪಾಲು. ಹಿರಿಯರು ಮಾರ್ಚ್ 31ಕ್ಕೆ ಪಾಲುದಾರಿಕೆ ಬಿಡುವುದು, ಏಪ್ರಿಲ್ 1ರಿಂದ ಇನ್ನೊಬ್ಬರ ಮಗ ಸೇರುವುದು ಅಂತ ತೀರ್ಮಾನವಾಗಿತ್ತು. ಸಾಮಾನ್ಯವಾಗಿ ಈ ವರ್ಷ ಬಿಟ್ಟ ಖರ್ಚು ಮುಂದಿನ ವರ್ಷ ಬಂದರೂ ಅದೇ ಮಾಲೀಕರ ಜೇಬಿನಿಂದಲೇ ಹೋಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಹಾಗಿರಲಿಲ್ಲ. ಮಾರ್ಚ್ ತಿಂಗಳ ಖರ್ಚು ಏಪ್ರಿಲ್‌ಗೆ ಜಾರಿದರೆ, ಅದನ್ನು ಹೊರುವವರೇ ಬೇರೆ.

ಹೊಂದಾಣಿಕೆಗೆ ಮುಂಚೆ ಪುಸ್ತಕ ತೋರಿಸುತ್ತಿದ್ದ ಲಾಭ 9,00,000 ರೂಪಾಯಿ. ಹಿರಿಯರು ಆಗಲೇ ಮನಸ್ಸಿನಲ್ಲಿ ನಾಲ್ಕೂವರೆ ಲಕ್ಷಕ್ಕೆ ಗಂಟು ಹಾಕಿದ್ದರು. ಎರಡು ಪ್ರಶ್ನೆ ಕೇಳೋಣ, ಆಮೇಲೆ ಪಾಲು ಅಂದೆ. ಮಾರ್ಚ್ 31ರೊಳಗೆ ಕೆಲಸ ಮಾಡಿಸಿಕೊಂಡು ದುಡ್ಡು ಕೊಡದೇ ಇರುವುದು ಏನೇನಿದೆ? ದುಡ್ಡು ಕೊಟ್ಟು, ಮಾರ್ಚ್ 31ರ ಆಚೆಗೂ ಪ್ರಯೋಜನ ಸಿಗಬೇಕಾದದ್ದು ಏನೇನಿದೆ?

ಮೊದಲನೆಯದಕ್ಕೆ ಉತ್ತರ ಮಾರ್ಚ್ ಪುಸ್ತಕದಲ್ಲಿ ಸಿಗುವುದಿಲ್ಲ. ನಾನು ಏಪ್ರಿಲ್ ತಿಂಗಳ ಬ್ಯಾಂಕ್ ಪಾಸ್‌ಬುಕ್, ಏಪ್ರಿಲ್‌ನಲ್ಲಿ ಬಂದ ಬಿಲ್ಲುಗಳ ಫೈಲ್ ಇಟ್ಟುಕೊಂಡು ಕೂರುತ್ತೇನೆ. ಬಿಲ್ಲಿನ ಮೇಲೆ ಯಾವ ತಾರೀಖು ಇದೆ ಅನ್ನುವುದು ನನಗೆ ಮುಖ್ಯವಲ್ಲ, ಕೆಲಸ ಯಾವ ತಾರೀಖಿನದು ಅನ್ನುವುದು ಮುಖ್ಯ. ಏಳು ಜನ ಕೆಲಸಗಾರರ ಮಾರ್ಚ್ ಸಂಬಳ 1,12,000, ಕೊಟ್ಟದ್ದು ಏಪ್ರಿಲ್ ಮೊದಲ ವಾರ. ಮಾರ್ಚ್ ತಿಂಗಳ ಕರೆಂಟ್ ಬಿಲ್ 18,000, ಮೀಟರ್ ರೀಡಿಂಗ್ ತೆಗೆದದ್ದೇ ಏಪ್ರಿಲ್ 1ಕ್ಕೆ. ಈ ಎರಡರ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಬೈಂಡಿಂಗ್‌ನಲ್ಲಿ. ಮಾರ್ಚ್ ಅಂದರೆ ಪ್ರೆಸ್ಸಿನವರಿಗೆ ಕೈ ತುಂಬ ಕೆಲಸ, ಹೊಸ ವರ್ಷಕ್ಕೆ ಎಲ್ಲರಿಗೂ ರಸೀದಿ ಪುಸ್ತಕ, ಲೆಡ್ಜರ್ ಬೇಕು. ಇವರು ಅಚ್ಚು ಹಾಕಿ, ಬೈಂಡಿಂಗ್ ಹೊರಗೆ ಕೊಡುತ್ತಿದ್ದರು. ಬೈಂಡರ್ 40,000 ರೂಪಾಯಿಯ ಬಿಲ್ ಕೊಟ್ಟದ್ದು ಏಪ್ರಿಲ್ 12ಕ್ಕೆ. "ಬಿಲ್ಲೇ ಏಪ್ರಿಲ್‌ದು ಐತಲ್ರೀ, ಇದು ನಮ್ಮ ಲೆಕ್ಕಕ್ಕೆ ಹೆಂಗೆ ಬರ್ತದೆ?" ಅಂತ ಹಿರಿಯರು ಕೇಳಿದರು. ಡೆಲಿವರಿ ಚಲನ್‌ಗಳನ್ನು ತರಿಸಿ ಬಿಲ್ಲಿನ ಪಕ್ಕ ಇಟ್ಟೆ. 34,000 ರೂಪಾಯಿಯ ಪುಸ್ತಕಗಳು ಮಾರ್ಚ್ ಮುಗಿಯುವುದರೊಳಗೆ ಬೈಂಡ್ ಆಗಿ ವಾಪಸ್ ಬಂದಿದ್ದವು. ಅಷ್ಟೇ ಅಲ್ಲ, ಅವನ್ನು ಗಿರಾಕಿಗೆ ಕೊಟ್ಟು ಮಾರ್ಚ್‌ನಲ್ಲೇ ಇನ್‌ವಾಯ್ಸ್ ಹಾಕಿದ್ದರು. ಉಳಿದ 6,000 ಏಪ್ರಿಲ್‌ನಲ್ಲಿ ಆದ ಕೆಲಸ. ಪುಸ್ತಕ ಮಾರಿದ ಆದಾಯ ಈ ವರ್ಷದ ಲಾಭದಲ್ಲಿ ಕೂತಿದೆ, ಅದೇ ಪುಸ್ತಕಕ್ಕೆ ಹೊಲಿಗೆ ಹಾಕಿಸಿದ ಖರ್ಚು ಮಾತ್ರ ಮುಂದಿನ ವರ್ಷಕ್ಕೆ ಅನ್ನುವುದು ಸರೀನಾ ಅಂದಾಗ ಅವರು ಸುಮ್ಮನಾದರು. 34,000 ಈ ವರ್ಷಕ್ಕೆ ಬಂತು, 6,000 ಹೊರಗೇ ಉಳಿಯಿತು.

ಹೀಗೆ ಬಾಕಿ ಖರ್ಚು ಒಟ್ಟು 1,64,000. ಎಂಟ್ರಿ ಸರಳ. ಕೂಲಿ ಖಾತೆ ಡೆಬಿಟ್ 1,12,000, ಬಾಕಿ ಕೂಲಿ ಖಾತೆ ಕ್ರೆಡಿಟ್ 1,12,000. ಕರೆಂಟ್, ಬೈಂಡಿಂಗ್‌ಗೂ ಇದೇ ರೀತಿ. ನಗದು, ಬ್ಯಾಂಕ್ ಮುಟ್ಟುವ ಹಾಗಿಲ್ಲ, ಯಾಕೆಂದರೆ ಮಾರ್ಚ್ 31ಕ್ಕೆ ದುಡ್ಡು ಹೋಗಿರಲಿಲ್ಲ. ಟ್ಯಾಲಿಯಲ್ಲಾದರೆ F7 ಒತ್ತಿ ಜರ್ನಲ್ ವೋಚರ್, ಬಾಕಿ ಖಾತೆಗಳನ್ನು Current Liabilities ಗುಂಪಿನಡಿ ತೆರೆಯುತ್ತೇನೆ. ಎಂಟ್ರಿಯ ಒಂದು ಕಾಲು ಲಾಭ ನಷ್ಟ ಖಾತೆಯಲ್ಲಿ ಖರ್ಚು ಹೆಚ್ಚಿಸುತ್ತದೆ, ಇನ್ನೊಂದು ಕಾಲು ಬ್ಯಾಲೆನ್ಸ್ ಶೀಟಿನಲ್ಲಿ ಸಾಲವಾಗಿ ನಿಲ್ಲುತ್ತದೆ. ಪಿಯುಸಿ ಮಕ್ಕಳು ಇಲ್ಲೇ ಎಡವುವುದು. ಬಾಕಿ ಕೂಲಿ ಟ್ರಯಲ್ ಬ್ಯಾಲೆನ್ಸಿನ ಒಳಗೇ ಇದ್ದರೆ ಎಂಟ್ರಿ ಆಗಲೇ ಆಗಿದೆ ಅಂತ ಅರ್ಥ, ಬ್ಯಾಲೆನ್ಸ್ ಶೀಟಿಗೆ ಮಾತ್ರ ಒಯ್ಯಬೇಕು. ಕೆಳಗೆ ಹೊಂದಾಣಿಕೆ ಎಂದು ಕೊಟ್ಟಿದ್ದರೆ ಎರಡೂ ಕಡೆ ತೋರಿಸಬೇಕು.

ಎರಡನೇ ಪ್ರಶ್ನೆಗೆ ಉತ್ತರ ಪುಸ್ತಕದ ಒಳಗೇ ಇರುತ್ತದೆ, ಹುಡುಕುವುದು ಸುಲಭ. ಇನ್ಶೂರೆನ್ಸ್, ವಾರ್ಷಿಕ ನಿರ್ವಹಣೆ, ಬಾಡಿಗೆ, ಸಾಫ್ಟ್‌ವೇರ್ ಶುಲ್ಕದ ಲೆಡ್ಜರ್ ತೆಗೆದು, ದೊಡ್ಡ ಮೊತ್ತ ಒಂದೇ ಸಲ ಹೋಗಿದ್ದರೆ ಅದರ ಕಾಗದ ನೋಡಬೇಕು. ಪ್ರೆಸ್ಸಿನ ಬೆಂಕಿ ವಿಮೆ 36,000, ಡಿಸೆಂಬರ್ 1ರಿಂದ ಒಂದು ವರ್ಷಕ್ಕೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕು ತಿಂಗಳು, ಅಂದರೆ 12,000 ಈ ವರ್ಷದ್ದು. ಉಳಿದ 24,000 ಮುಂಗಡ. ಆಫ್‌ಸೆಟ್ ಮೆಷಿನ್ನಿನ ನಿರ್ವಹಣೆ ಒಪ್ಪಂದ 60,000, ಜನವರಿ 1ರಿಂದ ಒಂದು ವರ್ಷ. ಮೂರು ತಿಂಗಳಿಗೆ 15,000 ಈ ವರ್ಷಕ್ಕೆ, 45,000 ಮುಂದಕ್ಕೆ. ಒಟ್ಟು ಮುಂಗಡ 69,000. ಮುಂಗಡ ವಿಮೆ ಖಾತೆ ಡೆಬಿಟ್, ವಿಮೆ ಖಾತೆ ಕ್ರೆಡಿಟ್. ಇದು Current Assets ಗುಂಪಿಗೆ ಹೋಗುತ್ತದೆ.

ವಿಮೆಯನ್ನು ದಿನದ ಲೆಕ್ಕದಲ್ಲಿ ಹಾಕಿ ಅಂತ ಕಿರಿಯ ಪಾಲುದಾರರು ಕೇಳಿದರು. 365ರಲ್ಲಿ 121 ದಿನ, ಬಂದದ್ದು 11,934. ತಿಂಗಳ ಲೆಕ್ಕಕ್ಕೂ ಇದಕ್ಕೂ 66 ರೂಪಾಯಿ ವ್ಯತ್ಯಾಸ. ಅದಕ್ಕೆ ಹೊತ್ತು ಕಳೆಯುವುದು ಬೇಡ ಅಂತ ಮೂವರೂ ಒಪ್ಪಿದೆವು. ಆದರೆ ಪಾಲಿಸಿ ತಿಂಗಳ ಮಧ್ಯೆ ಶುರುವಾಗಿ ಮೊತ್ತ ದೊಡ್ಡದಿದ್ದರೆ ನಾನು ದಿನದ ಲೆಕ್ಕವನ್ನೇ ಹಿಡಿಯುತ್ತೇನೆ.

ಇಲ್ಲೊಂದು ಎಚ್ಚರಿಕೆ ಬೇಕು. ಮೇಲಿನ ಮೊತ್ತಗಳೆಲ್ಲ ಜಿಎಸ್‌ಟಿ ಬಿಟ್ಟು. ನಿರ್ವಹಣೆ ಬಿಲ್ಲಿನ ಮೇಲೆ ಶೇ 18ರಂತೆ 10,800 ತೆರಿಗೆ ಇತ್ತು. ಅದರ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡ ಮೇಲೆ ಅದು ಖರ್ಚೇ ಅಲ್ಲ. 70,800ನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಮುಂಗಡ ಸುಮ್ನೆ ಉಬ್ಬುತ್ತದೆ. ಇನ್ನು ಕರೆಂಟ್ ಕಂಪನಿಯಲ್ಲಿ ಇಟ್ಟ ಠೇವಣಿ, ಗೋಡೌನಿನಲ್ಲಿ ಉಳಿದ ಪೇಪರ್ ರೀಮು ಇವನ್ನೂ ಮುಂಗಡ ಖರ್ಚಿಗೆ ಸೇರಿಸುವವರಿದ್ದಾರೆ. ಠೇವಣಿ ವಾಪಸ್ ಬರುವ ದುಡ್ಡು, ಪೇಪರ್ ಉಳಿಕೆ ಸರಕು. ಎರಡಕ್ಕೂ ಬೇರೆ ಜಾಗ ಇದೆ.

ಈಗ ಜಗಳದ ಸ್ವರೂಪ ನೋಡಿ. ಹೊರಡುವ ಹಿರಿಯರಿಗೆ ಮುಂಗಡದ ಎಂಟ್ರಿ ಬಹಳ ಹಿಡಿಸಿತು. ಅದೊಂದನ್ನೇ ಹಾಕಿದರೆ ಲಾಭ 9,69,000, ಅವರ ಪಾಲು 4,84,500. ಉಳಿಯುವವರಿಗೆ ಬಾಕಿಯ ಎಂಟ್ರಿ ಮಾತ್ರ ಸಾಕಾಗಿತ್ತು. ಅದೊಂದೇ ಹಾಕಿದರೆ ಲಾಭ 7,36,000, ಹಿರಿಯರಿಗೆ ಹೋಗುವುದು 3,68,000. ಒಂದು ಲಕ್ಷಕ್ಕೂ ಜಾಸ್ತಿ ಅಂತರ. ಇಬ್ಬರೂ ಕಳ್ಳಲೆಕ್ಕ ಕೇಳುತ್ತಿರಲಿಲ್ಲ, ತಮಗೆ ಅನುಕೂಲವಾದ ಅರ್ಧ ನಿಯಮವನ್ನು ಕೇಳುತ್ತಿದ್ದರು. ನಿಯಮ ಒಂದೇ: ಯಾವ ವರ್ಷದಲ್ಲಿ ಪ್ರಯೋಜನ ಪಡೆದಿರೋ ಆ ವರ್ಷಕ್ಕೆ ಖರ್ಚು, ದುಡ್ಡು ಹಿಂದೆ ಹೋಗಲಿ, ಮುಂದೆ ಹೋಗಲಿ. ಎರಡನ್ನೂ ಹಾಕಿದಾಗ ಲಾಭ 8,05,000ಕ್ಕೆ ನಿಂತಿತು, ತಲಾ 4,02,500. ಏನೂ ಮಾಡದೆ ಬಿಟ್ಟಿದ್ದರೆ ಹಿರಿಯರಿಗೆ 47,500 ಹೆಚ್ಚು ಹೋಗುತ್ತಿತ್ತು, ಅದನ್ನು ತುಂಬುವವರು ತಂದೆ ಮಗ.

"ವರ್ಷಕ್ಕೆ ಹನ್ನೆರಡು ತಿಂಗಳ ಸಂಬಳ ಹೇಗೂ ಬಿದ್ದಿರ್ತದೆ, ಹೋದ ಮಾರ್ಚ್‌ದು ಈ ಏಪ್ರಿಲ್‌ನಲ್ಲಿ ಕೊಟ್ಟಿಲ್ವಾ?" ಅಂತ ಅಂಗಡಿಯವರು ಕೇಳುವುದುಂಟು. ಬುದ್ಧಿವಂತಿಕೆಯ ಪ್ರಶ್ನೆಯೇ. ಎರಡು ಮಾರ್ಚ್‌ಗಳೂ ಒಂದೇ ಥರ ಇದ್ದರೆ ಲಾಭದಲ್ಲಿ ವ್ಯತ್ಯಾಸ ಬರುವುದಿಲ್ಲ, ನಿಜ. ಆದರೆ ಈ ಪ್ರೆಸ್ಸಿನಲ್ಲಿ ಹಿಂದಿನ ಮಾರ್ಚ್‌ನಲ್ಲಿ ಇದ್ದವರು ಐವರು, ಸಂಬಳ 78,000. ಒಂದರ ಬದಲು ಇನ್ನೊಂದು ನಿಂತರೆ ಖರ್ಚು 34,000 ಕಡಿಮೆ ಕಾಣುತ್ತದೆ. ಲಾಭ ಸರಿಹೋದರೂ ಬ್ಯಾಲೆನ್ಸ್ ಶೀಟ್ ಸರಿಹೋಗುವುದಿಲ್ಲ. ಮಾರ್ಚ್ 31ಕ್ಕೆ ಕೆಲಸಗಾರರಿಗೆ ಕೊಡಬೇಕಾದ 1,12,000 ಅಲ್ಲಿ ಎಲ್ಲೂ ಇರುವುದಿಲ್ಲ.

ಎಲ್ಲ ಚಿಲ್ಲರೆಯನ್ನೂ ಹೀಗೆ ಕೆದಕಬೇಕಿಲ್ಲ. ಪ್ರೆಸ್ಸಿಗೆ ಬರುವ ಪತ್ರಿಕೆಯ ವಾರ್ಷಿಕ ಚಂದಾ ಹಂಚುತ್ತಾ ಕೂತರೆ ನಗುತ್ತಾರೆ. ತೆರಿಗೆ ಲೆಕ್ಕವೂ ಸ್ವಲ್ಪ ಬೇರೆ. ಬೋನಸ್, ಮಾಲೀಕರ ಪಾಲಿನ ಪಿಎಫ್ ಥರದ ಬಾಕಿಗಳನ್ನು ಪುಸ್ತಕದಲ್ಲಿ ತೋರಿಸಿದರೂ, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟದಿದ್ದರೆ ಆ ವರ್ಷದ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ. ಹಾಗಂತ ಪುಸ್ತಕದಲ್ಲಿ ತೋರಿಸದೇ ಇರುವ ಹಾಗಿಲ್ಲ.

ಲೆಕ್ಕ ಕೆಡುವುದು ಹೆಚ್ಚಾಗಿ ಆಮೇಲೆ, ಏಪ್ರಿಲ್‌ನಲ್ಲಿ. ಅಂತಿಮ ಲೆಕ್ಕ ಮುಗಿದ ಮೇಲೆ ನಾನು ಏಪ್ರಿಲ್ 1ರ ತಾರೀಖಿಗೆ ಉಲ್ಟಾ ಎಂಟ್ರಿ ಹಾಕಿಬಿಡುತ್ತೇನೆ. ಬಾಕಿ ಕೂಲಿ ಡೆಬಿಟ್, ಕೂಲಿ ಕ್ರೆಡಿಟ್. ವಿಮೆ ಡೆಬಿಟ್, ಮುಂಗಡ ವಿಮೆ ಕ್ರೆಡಿಟ್. ಪ್ರೆಸ್ಸಿನ ಹುಡುಗ ಏಪ್ರಿಲ್‌ನಲ್ಲಿ ಕೊಟ್ಟ ಸಂಬಳವನ್ನು ಎಂದಿನಂತೆ ಕೂಲಿ ಖಾತೆಗೇ ಬರೆದರೂ ಆ ಕ್ರೆಡಿಟ್‌ನಿಂದ ಅದು ಸೊನ್ನೆಯಾಗುತ್ತದೆ. ಉಲ್ಟಾ ಎಂಟ್ರಿ ಹಾಕದೆ, ಸಂಬಳವನ್ನೂ ಕೂಲಿ ಖಾತೆಗೇ ಬರೆದರೆ ಅದೇ 1,12,000 ಎರಡು ವರ್ಷಗಳಲ್ಲಿ ಎರಡು ಸಲ ಖರ್ಚಾಗುತ್ತದೆ. ಹೊಸ ವರ್ಷಕ್ಕೆ ಹದಿಮೂರು ತಿಂಗಳ ಕೂಲಿ ಬೀಳುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಜೂನ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ತೆಗೆದು ಹಿಂದಿನ ಮಾರ್ಚ್‌ನ ಬ್ಯಾಲೆನ್ಸ್ ಶೀಟಿನ ಪಕ್ಕ ಇಡುತ್ತೇನೆ. ಬಾಕಿ ಕೂಲಿ, ಬಾಕಿ ಬೈಂಡಿಂಗ್, ಮುಂಗಡ ವಿಮೆ ಖಾತೆಗಳಲ್ಲಿ ಒಂದು ರೂಪಾಯಿಯೂ ಅಲುಗಾಡದೆ ಮಾರ್ಚ್‌ನ ಅಂಕಿಯೇ ನಿಂತಿದ್ದರೆ, ಅಲ್ಲಿ ಯಾರೂ ಕೈ ಹಾಕಿಲ್ಲ ಅಂತಲೇ ಲೆಕ್ಕ. ಆ ಪ್ರೆಸ್ಸಿನ ಜೂನ್ ಪಟ್ಟಿಯಲ್ಲಿ ಮೂರೂ ಖಾತೆ ಸೊನ್ನೆಯಾಗಿದ್ದವು, ಬೈಂಡಿಂಗ್ ಖಾತೆಯಲ್ಲಿ ಏಪ್ರಿಲ್‌ನ ಕೆಲಸಕ್ಕೆ 6,000 ಮಾತ್ರ ನಿಂತಿತ್ತು.