ಘಟಿಕೋತ್ಸವಕ್ಕೆ ಮುನ್ನ ಬಂದ ಗಡುವು: ಜರ್ಮನಿಯ ದಾಖಲಾತಿ ಕಚೇರಿಗೆ ನಾನು ಬರೆದ ಇಮೇಲ್‌ಗಳು

2024ರ ಜುಲೈನಲ್ಲಿ ಜರ್ಮನಿಯ ವಿಶ್ವವಿದ್ಯಾಲಯವೊಂದರಿಂದ ಸ್ನಾತಕೋತ್ತರ ಪದವಿಗೆ ನನ್ನ ಪ್ರವೇಶಪತ್ರ ಬಸವನಗುಡಿಯ ಮನೆಗೆ ಬಂತು. ಪ್ರವೇಶಪತ್ರ ಕೈಗೆ ಬಂದರೆ ಸೀಟು ಸಿಕ್ಕಂತೆಯೇ ಎಂದು ನಾವು ತಿಳಿಯುತ್ತೇವೆ. ಆದರೆ ಅಲ್ಲಿ ಅದರ ನಂತರ ದಾಖಲಾತಿ ಎಂಬ ಪ್ರತ್ಯೇಕ ಹಂತವಿದ್ದು, ಅದನ್ನು ಗಡುವಿನೊಳಗೆ ಮುಗಿಸದಿದ್ದರೆ ಪ್ರವೇಶವೇ ರದ್ದಾಗುತ್ತದೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನನ್ನ ಗಡುವು ಸೆಪ್ಟೆಂಬರ್ 15. ಕೇಳಿದ್ದ ದಾಖಲೆಗಳಲ್ಲಿ ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿಯೂ ಒಂದು. ನನ್ನ ಬಳಿ ಇದ್ದದ್ದು ಎಂಟು ಸೆಮಿಸ್ಟರ್‌ಗಳ ಅಂಕಪಟ್ಟಿಗಳು ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ ಮಾತ್ರ. ಮೂಲ ಪ್ರಮಾಣಪತ್ರ ಘಟಿಕೋತ್ಸವ ಆದ ಮೇಲೆಯೇ ಸಿಗುತ್ತದೆ ಎಂದು ಕಾಲೇಜಿನ ಪರೀಕ್ಷಾ ವಿಭಾಗದವರು ಹೇಳಿದರು.

ಗಾಬರಿಯಲ್ಲಿ ಬರೆದ ಮೊದಲ ಇಮೇಲ್‌ನಲ್ಲಿ ನನ್ನ ಕಥೆಯನ್ನೆಲ್ಲ ಒಂದೇ ಪ್ಯಾರಾದಲ್ಲಿ ಹೇಳಿ, ಯಾವ ದಾಖಲೆಗಳು ಬೇಕು, ಕೊನೆಯ ದಿನಾಂಕ ಯಾವುದು, ದಯವಿಟ್ಟು ತಿಳಿಸಿ ಎಂದು ಕೇಳಿದ್ದೆ. ಒಂಬತ್ತು ದಿನಗಳ ನಂತರ ಬಂದ ಉತ್ತರದಲ್ಲಿ ನಾನು ಆಗಲೇ ಓದಿದ್ದ ಪುಟದ ಲಿಂಕ್ ಮಾತ್ರ ಇತ್ತು. ಬೇಸರವಾಯಿತು, ನಿಜ. ಆದರೆ ನನ್ನ ಇಮೇಲನ್ನು ಮತ್ತೆ ಓದಿದಾಗ, ಅದಕ್ಕೆ ಬೇರೆ ಉತ್ತರ ಕೊಡಲು ಸಾಧ್ಯವೇ ಇರಲಿಲ್ಲ ಎಂಬುದು ಅರ್ಥವಾಯಿತು. ನನ್ನ ಅರ್ಜಿ ಸಂಖ್ಯೆ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲದೆ 'ಪ್ರೊವಿಜನಲ್' ಎಂಬ ಪದ ಕಂಡಾಗ, ಘಟಿಕೋತ್ಸವದ ನಮ್ಮ ಪದ್ಧತಿ ಗೊತ್ತಿಲ್ಲದವರು ಈ ವಿದ್ಯಾರ್ಥಿಯ ಓದು ಇನ್ನೂ ಮುಗಿದಿಲ್ಲ ಎಂದೇ ತಿಳಿಯುವ ಸಾಧ್ಯತೆ ಇತ್ತು. ತೊಡಕಿನ ಮೂಲ ಆ ಪದದಲ್ಲಿತ್ತು.

ಎರಡನೆಯ ಇಮೇಲನ್ನು ಎರಡು ದಿನ ಕುಳಿತು ಬರೆದೆ. ಅದರ ವಿಷಯದ ಸಾಲು ಹೀಗಿತ್ತು. ಸೊನ್ನೆಗಳ ಜಾಗದಲ್ಲಿ ನನ್ನ ಅರ್ಜಿ ಸಂಖ್ಯೆ ಇತ್ತು, WS ಎಂದರೆ ಚಳಿಗಾಲದ ಸೆಮಿಸ್ಟರ್.

```
Applicant No. 0000000 – Enrolment WS 2024/25 – degree certificate
```

ಮೊದಲ ವಾಕ್ಯದಲ್ಲಿ ನನ್ನ ಹೆಸರು, ಕೋರ್ಸ್ ಮತ್ತು ಗಡುವನ್ನು ಬರೆದು, ನಂತರ ಮೂರೇ ಪ್ರಶ್ನೆಗಳನ್ನು ಸಂಖ್ಯೆ ಹಾಕಿ ಕೇಳಿದೆ. ನನ್ನ ಎಲ್ಲ ಪರೀಕ್ಷೆಗಳೂ ಮುಗಿದು ಅಂತಿಮ ಫಲಿತಾಂಶ ಬಂದಿದೆ, ಮೂಲ ಪ್ರಮಾಣಪತ್ರ ಘಟಿಕೋತ್ಸವದಲ್ಲಿ ಮಾತ್ರ ಕೊಡಲಾಗುತ್ತದೆ, ಆದ್ದರಿಂದ ಲಗತ್ತಿಸಿರುವ ತಾತ್ಕಾಲಿಕ ಪ್ರಮಾಣಪತ್ರದ ಆಧಾರದ ಮೇಲೆ ದಾಖಲಿಸಿಕೊಂಡು ಮೂಲವನ್ನು ಸಲ್ಲಿಸಲು ನಂತರದ ಒಂದು ದಿನಾಂಕ ಕೊಡಬಹುದೇ ಎಂಬುದು ಮೊದಲನೆಯದು. ಬೆಂಗಳೂರಿನ ನೋಟರಿ ಮುದ್ರೆ ಹಾಕಿದ ಪ್ರತಿ ಸಾಕೇ ಎಂಬುದು ಎರಡನೆಯದು. ಸೆಪ್ಟೆಂಬರ್ 15 ಎಂದರೆ ನಾನು ಕಳುಹಿಸುವ ದಿನವೋ ಅವರಿಗೆ ತಲುಪುವ ದಿನವೋ ಎಂಬುದು ಮೂರನೆಯದು. ತಾತ್ಕಾಲಿಕ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳನ್ನು ಒಂದೇ ಪಿಡಿಎಫ್ ಮಾಡಿ ಲಗತ್ತಿಸಿದೆ.

ನಾಲ್ಕನೆಯ ದಿನ ಮೂರಕ್ಕೂ ಉತ್ತರ ಬಂತು. ಓದು ಪೂರ್ಣವಾಗಿದೆ ಎಂದು ನನ್ನ ಇಲ್ಲಿನ ವಿಶ್ವವಿದ್ಯಾಲಯ ಒಂದು ಪತ್ರ ಕೊಟ್ಟರೆ ಷರತ್ತಿನ ಮೇಲೆ ದಾಖಲಿಸಿಕೊಳ್ಳುವುದಾಗಿಯೂ, ಮೂಲವನ್ನು ಚಳಿಗಾಲದ ಸೆಮಿಸ್ಟರ್ ಮುಗಿಯುವ ಮಾರ್ಚ್ 31ರೊಳಗೆ ತೋರಿಸಬೇಕೆಂದೂ ಬರೆದಿದ್ದರು. ನೋಟರಿ ಪ್ರತಿ ಆಗುವುದಿಲ್ಲ. ಜರ್ಮನ್ ಕಾನ್ಸುಲೇಟ್ ದೃಢೀಕರಿಸಿದ ಪ್ರತಿ ಬೇಕು. ಇದನ್ನು ಜುಲೈನಲ್ಲೇ ಕೇಳಿದ್ದರೆ ನೋಟರಿಗೆ ಕೊಟ್ಟ ದುಡ್ಡು ಉಳಿಯುತ್ತಿತ್ತು. ಲೆಕ್ಕಕ್ಕೆ ಬರುವುದು ತಲುಪುವ ದಿನ, ಅದೂ ಜರ್ಮನಿಯ ಸಮಯದಂತೆ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದಿರುವುದರಿಂದ ಪೋರ್ಟಲ್‌ಗೆ ಅಪ್‌ಲೋಡ್ ಮಾಡುವವರಿಗೆ ಒಂದಿಷ್ಟು ಅವಕಾಶ ಸಿಗುತ್ತದೆ, ಆದರೆ ಕೊರಿಯರ್ ಕಳುಹಿಸುವವರಿಗೆ ಅದರಿಂದ ಪ್ರಯೋಜನವಿಲ್ಲ.

ನಾನು ಕೇಳದೆ ಬಿಟ್ಟದ್ದು ಆರೋಗ್ಯ ವಿಮೆಯ ವಿಷಯ. ವೀಸಾಕ್ಕೆಂದು ಕೊಂಡ ಪ್ರಯಾಣ ವಿಮೆಯ ಪಾಲಿಸಿಯನ್ನೇ ಅಪ್‌ಲೋಡ್ ಮಾಡಿದ್ದೆ, ಅದು ತಿರಸ್ಕೃತವಾಯಿತು. ಅಲ್ಲಿ ಶಾಸನಬದ್ಧ ವಿಮಾ ಸಂಸ್ಥೆಯೇ ವಿದ್ಯಾರ್ಥಿಯ ವಿಮಾಸ್ಥಿತಿಯನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಎಲೆಕ್ಟ್ರಾನಿಕ್ ಮೂಲಕ ತಿಳಿಸಬೇಕು, ನಾವು ಕಾಗದ ಕೊಟ್ಟರೆ ಸಾಲದು. ಈ ಸೂಚನೆಯನ್ನು M10 ಎನ್ನುತ್ತಾರೆ. ಬೆಂಗಳೂರಿನಲ್ಲಿ ಕುಳಿತೇ ಒಂದು ಸಂಸ್ಥೆಗೆ ಅರ್ಜಿ ಹಾಕಿದೆ, ಸೂಚನೆ ತಲುಪಲು ಒಂದು ವಾರ ಹಿಡಿಯಿತು. ಸೆಪ್ಟೆಂಬರ್ 11ಕ್ಕೆ ಪೋರ್ಟಲ್‌ನಲ್ಲಿ ಎಲ್ಲ ಗುರುತುಗಳೂ ಹಸಿರಾದವು.

ಫೆಬ್ರವರಿಯಾದರೂ ಘಟಿಕೋತ್ಸವದ ದಿನ ನಿಗದಿಯಾಗಿರಲಿಲ್ಲ. ಮಾರ್ಚ್ ಕೊನೆಯವರೆಗೆ ಕಾಯದೆ ಅದೇ ಹಳೆಯ ಇಮೇಲ್‌ಗೆ ಉತ್ತರವಾಗಿ, ಅವರೇ ಕೊಟ್ಟ ದಿನಾಂಕವನ್ನು ಉಲ್ಲೇಖಿಸಿ, ಪರೀಕ್ಷಾ ವಿಭಾಗದ ಹೊಸ ಪತ್ರವನ್ನು ಲಗತ್ತಿಸಿ ಕಾಲಾವಕಾಶ ಕೋರಿದೆ. ಹಿಂದಿನ ಮಾತುಕತೆ ಕೆಳಗೇ ಇದ್ದುದರಿಂದ ಏನನ್ನೂ ಮತ್ತೆ ವಿವರಿಸಬೇಕಾಗಲಿಲ್ಲ, ಇನ್ನೊಂದು ಸೆಮಿಸ್ಟರ್‌ನ ಅವಕಾಶ ಸಿಕ್ಕಿತು.