ಶವಪೆಟ್ಟಿಗೆ ಬಂದರೆ ಸಾವು ಅಲ್ಲ: ಲೆನೊರ್ಮಾಂಡ್ ಸಾಲನ್ನು ನಾನು ಓದಲು ಕಲಿತ ಬಗೆ

ಲೆನೊರ್ಮಾಂಡ್ ಅನ್ನುವುದು ಭವಿಷ್ಯ ನೋಡಲು ಬಳಸುವ, ಇಸ್ಪೀಟಿನಂಥ ಎಲೆಗಳ ಕಟ್ಟು. ಅದರಲ್ಲಿ 36 ಎಲೆಗಳಿವೆ. ಹಡಗು, ಮನೆ, ಮೋಡ, ನರಿ, ಉಂಗುರ, ಹೀಗೆ ಎಲ್ಲ ನಿತ್ಯ ಕಾಣುವ ಚಿತ್ರಗಳು. ಮೊದಲ ಕೆಲವು ತಿಂಗಳು ನಾನು 36 ಅರ್ಥಗಳನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಮೋಡ ಅಂದರೆ ಗೊಂದಲ, ಗೋಪುರ ಅಂದರೆ ಕಚೇರಿ, ಶವಪೆಟ್ಟಿಗೆ ಅಂದರೆ ಅಂತ್ಯ. ಆ ಪಾಠ ಕೈಕೊಟ್ಟಿದ್ದು ನಮ್ಮ ಅತ್ತಿಗೆ ಎದುರು ಕೂತ ದಿನ.

ಅತ್ತಿಗೆ ಕೆಲಸ ಮಾಡುತ್ತಿದ್ದುದು ಒಂದು ಖಾಸಗಿ ಕಂಪನಿಯಲ್ಲಿ, ಒಂದು ವರ್ಷದ ಕಾಂಟ್ರಾಕ್ಟ್ ಮೇಲೆ. ಕಚೇರಿಯಿಂದ ಒಂದು ಪತ್ರ ಬಂದಿತ್ತು. ಕಾಂಟ್ರಾಕ್ಟ್ ಮುಂದುವರಿಯುತ್ತಾ ಇಲ್ವಾ ಅನ್ನುವುದು ಅದರಲ್ಲಿ ಸ್ಪಷ್ಟವಾಗಿರಲಿಲ್ಲ. ಎಲೆ ಕಲಸಿ ಐದನ್ನು ಸಾಲಾಗಿ ಇಟ್ಟೆ. ಎಡದಿಂದ ಬಂದದ್ದು ಇಷ್ಟು: ಪತ್ರ, ಮೋಡ, ಗೋಪುರ, ಉಂಗುರ, ಶವಪೆಟ್ಟಿಗೆ.

ಕೊನೆಯ ಎಲೆ ನೋಡಿದ್ದೇ ಅತ್ತಿಗೆ ಮುಖ ಬಿಳುಚಿತು. "ಅಯ್ಯೋ, ಮಾವನಿಗೆ ಏನಾದ್ರೂ ಆಗುತ್ತಾ?" ಅಂದರು. ಅವರ ಮಾವನಿಗೆ ಆಗ ಹುಷಾರಿರಲಿಲ್ಲ. ನಾನೂ ಒಂದೊಂದೇ ಎಲೆಯ ಅರ್ಥ ಹೇಳುತ್ತಾ ಹೋಗಿದ್ದೆ. ಐದು ಎಲೆಗೆ ಐದು ಬಿಡಿ ಮಾತು. ನಡುವೆ "ಮತ್ತೆ", "ಆಮೇಲೆ" ಅಂತ ಸುಮ್ನೆ ಸೇರಿಸುತ್ತಿದ್ದೆ. ಸಾಲು ಓದುವಾಗ ಬಾಯಿಂದ "ಮತ್ತೆ" ಜಾಸ್ತಿ ಬರುತ್ತಿದೆ ಅಂದರೆ ಸಾಲನ್ನು ಓದುತ್ತಿಲ್ಲ, ಎಲೆಗಳನ್ನು ಎಣಿಸುತ್ತಿದ್ದೀವಿ ಅಂತ ಅರ್ಥ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಸಾಲು ಓದುವವರು ಸಾಮಾನ್ಯವಾಗಿ ಪಾಲಿಸುವ ಕ್ರಮ ಇದು: ಜೋಡಿಯಲ್ಲಿ ಮೊದಲ ಎಲೆ ಯಾವುದರ ಮಾತು ಅನ್ನುವುದನ್ನು ಹೇಳುತ್ತದೆ, ಎರಡನೆಯದು ಅದು ಎಂಥದ್ದು ಅನ್ನುವುದನ್ನು. ಕನ್ನಡದವರಿಗೆ ಇಲ್ಲೇ ಎಡವಟ್ಟು. ನಾವು "ಮಣ್ಣಿನ ಮಡಕೆ" ಅನ್ನುತ್ತೇವೆ, ಎಂಥದ್ದು ಅನ್ನುವುದು ಮೊದಲು ಬರುತ್ತದೆ. ಇಲ್ಲಿ ಅದು ಉಲ್ಟಾ. ಮಗು ಮೊದಲು, ಗೋಪುರ ಆಮೇಲೆ ಬಂದರೆ ಸಂಸ್ಥೆಯೊಂದರಲ್ಲಿರುವ ಮಗು, ಅಂದರೆ ಶಾಲೆಗೆ ಹೋಗುವ ಮಗು. ಗೋಪುರ ಮೊದಲು ಬಂದರೆ ಹೊಸದಾದ, ಚಿಕ್ಕ ಕಚೇರಿ. ಎಲೆಗಳು ಅವೇ, ಮಾತು ಬೇರೆ. ಎಷ್ಟೋ ದಿನ ನಾನು ಕನ್ನಡದ ಕ್ರಮದಲ್ಲೇ ಓದಿ ಎರಡನ್ನೂ ಅದಲುಬದಲು ಮಾಡುತ್ತಿದ್ದೆ.

ಅತ್ತಿಗೆಯ ಸಾಲನ್ನು ಮತ್ತೆ ಮೊದಲಿನಿಂದ ಹಿಡಿದೆ. ಐದರ ಸಾಲಿನಲ್ಲಿ ನಡುವಿನ ಎಲೆಯೇ ಗೂಟ. ಇಲ್ಲಿ ಅದು ಗೋಪುರ, ಅಂದರೆ ಕಚೇರಿ. ಹಾಗಾಗಿ ಇಡೀ ಸಾಲು ಕಚೇರಿಯ ಸುತ್ತಲೇ ತಿರುಗಬೇಕು. ಪತ್ರ, ಮೋಡ: ಮಸುಕಾದ ಕಾಗದ. ಉಂಗುರ, ಶವಪೆಟ್ಟಿಗೆ: ಮುಗಿದ ಒಪ್ಪಂದ. ಉಂಗುರ ಮದುವೆಯೂ ಆಗಬಹುದು, ಆದರೆ ಗೋಪುರ ಪಕ್ಕದಲ್ಲೇ ನಿಂತು ಅದನ್ನು ಕಾಂಟ್ರಾಕ್ಟ್ ಕಡೆಗೆ ಎಳೆಯಿತು. ಶವಪೆಟ್ಟಿಗೆಗೂ ಹಾಗೇ. ಪಕ್ಕದಲ್ಲಿ ಮರ ಇದ್ದಿದ್ದರೆ ಆರೋಗ್ಯದ ಮಾತು ಬರುತ್ತಿತ್ತು, ಏಕೆಂದರೆ ಮರ ದೇಹದ ಸ್ಥಿತಿಯ ಎಲೆ. ಈ ಸಾಲಿನಲ್ಲಿ ಮರವೂ ಇಲ್ಲ, ಮಾವನನ್ನು ತೋರಿಸುವ ಎಲೆಯೂ ಇಲ್ಲ.

ಆಮೇಲೆ ಎರಡು ತುದಿಗಳಿಂದ ಒಳಕ್ಕೆ ಜೋಡಿಸಿದೆ. ಪತ್ರಕ್ಕೆ ಶವಪೆಟ್ಟಿಗೆ: ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಕಾಗದ. ಮೋಡಕ್ಕೆ ಉಂಗುರ: ಗೊಂದಲ ಇರುವುದು ಒಪ್ಪಂದದ ವಿಷಯದಲ್ಲೇ. ಎರಡೂ ಮೊದಲ ಓದಿಗೆ ಹೊಂದಿದವು. ಹೊಂದದಿದ್ದರೆ ಗೂಟವನ್ನೇ ತಪ್ಪಾಗಿ ಓದಿರುತ್ತೇವೆ.

ಇನ್ನೊಂದು ಸಂಗತಿ ನಾನು ಕಣ್ಣಿಟ್ಟು ನೋಡಿರಲೇ ಇಲ್ಲ. ಮೋಡದ ಎಲೆಯಲ್ಲಿ ಒಂದು ಬದಿ ಕಪ್ಪು, ಇನ್ನೊಂದು ಬದಿ ತಿಳಿ. ಕಪ್ಪಿನ ಪಕ್ಕದ ಎಲೆಗೆ ಮಸುಕು ಬಡಿಯುತ್ತದೆ, ತಿಳಿಯ ಪಕ್ಕದ್ದು ತಪ್ಪಿಸಿಕೊಳ್ಳುತ್ತದೆ. ನನ್ನ ಕಟ್ಟಿನಲ್ಲಿ ಕಪ್ಪು ಎಡಕ್ಕಿದೆ. ಅಲ್ಲಿ ಪತ್ರ ಇತ್ತು, ತಿಳಿಯ ಕಡೆ ಗೋಪುರ. ಗೊಂದಲ ಕಾಗದದಲ್ಲಿದೆ, ಕಚೇರಿಗೆ ವಿಷಯ ಗೊತ್ತಿದೆ ಅಂತ ಓದಿದೆ. ಕಪ್ಪು ಬಲಕ್ಕಿರುವ ಕಟ್ಟೂ ಇರುತ್ತದೆ, ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ.

ಈ ಎಲೆಗಳ ಹುಟ್ಟು ನೆನೆದರೆ ಇದೆಲ್ಲ ಸಹಜ ಅನ್ನಿಸುತ್ತದೆ. 1799ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹೆಖ್ಟೆಲ್ ಎಂಬಾತನ ಹೆಸರಿನಲ್ಲಿ ಬಂದ ದಾಳದ ಆಟ ಇದು. 36 ಎಲೆಗಳನ್ನು ಆರಾರರಂತೆ ಹಾಸಿ, ಮನೆಯಿಂದ ಮನೆಗೆ ಕಾಯಿ ನಡೆಸುತ್ತಿದ್ದರು. 35ನೆಯ ಮನೆ ಲಂಗರು, ಅಲ್ಲಿ ಮುಟ್ಟಿದವರಿಗೆ ಗೆಲುವು. ಭವಿಷ್ಯ ಹೇಳುತ್ತಿದ್ದ, 1843ರಲ್ಲಿ ತೀರಿಕೊಂಡ ಫ್ರಾನ್ಸಿನ ಮದಾಮ್ವಾಜೆಲ್ ಲೆನೊರ್ಮಾಂಡ್ ಹೆಸರು ಅಂಟಿಕೊಂಡದ್ದು ಆಕೆ ಹೋದ ಮೇಲೆ. ಅಕ್ಕಪಕ್ಕ ಹಾಸಲೆಂದೇ ಮಾಡಿದ ಚಿತ್ರಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಅವು ಅರ್ಧ ಮಾತೇ ಆಡುತ್ತವೆ, ಅಲ್ವಾ?

ಅತ್ತಿಗೆಗೆ ನಾನು ಹೇಳಿದ್ದು ಇಷ್ಟೇ: "ಇದು ಮಾವನ ವಿಷಯ ಅಲ್ಲ. ನಾಳೆ ಕಚೇರಿಗೆ ಹೋಗಿ, ಕಾಂಟ್ರಾಕ್ಟ್ ಮುಗೀತಾ ಅಂತ ನೇರವಾಗಿ ಕೇಳಿಬಿಡಿ." ಕೇಳಿದರು. ಮುಗಿದಿತ್ತು.

ಅವರು ಮನೆಗೆ ಹೊರಟ ರಾತ್ರಿ ಆ ಐದೂ ಎಲೆಗಳನ್ನು ಅಡುಗೆಮನೆ ಮೇಜಿನ ಮೇಲೆ ಮತ್ತೆ ಹಾಸಿ, ಕೊನೆಯ ಎರಡನ್ನು ಮಾತ್ರ ಅದಲುಬದಲು ಮಾಡಿದೆ. ಶವಪೆಟ್ಟಿಗೆ, ಆಮೇಲೆ ಉಂಗುರ. ಮುಗಿದು ಹೋದದ್ದು ಮತ್ತೆ ಒಪ್ಪಂದಕ್ಕೆ ಬರುವುದು. ಎರಡೂ ಸಾಲನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದುಕೊಂಡೆ.